ಹೋಂಸ್ಟೇಯಲ್ಲಿ ಯುಪಿಐ, ಏಳನೇ ವರ್ಷ: 5 ರೂಪಾಯಿ ಬಂತು, 4,000 ಹೋಯ್ತು

ಕೊಡಗಿನ ಮಾದಾಪುರದ ಹತ್ತಿರ ನಮ್ಮದು ಮೂರು ರೂಮಿನ ಹೋಂಸ್ಟೇ. ಜೊತೆಗೆ ಸ್ವಲ್ಪ ಕಾಫಿ, ಕರಿಮೆಣಸು, ಜೇನು ಮಾರುತ್ತೇವೆ. 2019ರಿಂದ ಯುಪಿಐ ಬಳಸುತ್ತಿದ್ದೇನೆ. ಆ್ಯಪಿನ ಹೆಸರು ಬರೆಯುವುದಿಲ್ಲ, ಯಾಕಂದರೆ ನಾನು ಹೇಳುವ ವಿಷಯ ಎಲ್ಲಾ ಆ್ಯಪಿಗೂ ಹೆಚ್ಚುಕಮ್ಮಿ ಒಂದೇ. ಅಂಗಡಿ ಕೆಲಸಕ್ಕೆ ಚೆನ್ನಾಗಿದೆ, ಚಿಲ್ಲರೆ ತಲೆನೋವು ಹೋಗಿದೆ. ಇಷ್ಟು ಎಲ್ಲರೂ ಬರೆದಿದ್ದಾರೆ. ನಾನು ಬರೆಯಬೇಕಿರುವುದು ಗೊತ್ತಿಲ್ಲದವರಿಂದ ಅಡ್ವಾನ್ಸ್ ತೆಗೆದುಕೊಳ್ಳುವ ಬಗ್ಗೆ. ಅದರಲ್ಲಿ ಒಮ್ಮೆ ಸರಿಯಾಗಿ ಏಟು ತಿಂದಿದ್ದೇನೆ.

2022ರ ಜುಲೈ. ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ, ಮಳೆ ಬಿಟ್ಟರೆ ಬೇರೆ ಯಾರೂ ಬರುವುದಿಲ್ಲ. ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಟವರ್ ಕೂಡ ಮಲಗಿತ್ತು. ಯುಪಿಎಸ್ ಮೇಲೆ ವೈಫೈ ಒಂದು ಹೇಗೋ ನಡೆಯುತ್ತಿತ್ತು. ಆಗ ವಾಟ್ಸಾಪ್ ಕಾಲ್ ಬಂತು. ಹಿಂದಿ ಮಾತು, ತುಂಬಾ ಮರ್ಯಾದೆ. ಆರ್ಮಿ ಕ್ಯಾಪ್ಟನ್ ಅಂತೆ. ಮೂರು ಕುಟುಂಬ, ಮೂರೂ ರೂಮು, ಎರಡು ರಾತ್ರಿ. ರೂಮಿಗೆ 2,500ರಂತೆ ಲೆಕ್ಕ ಹಾಕಿದರೆ 15,000. ಒಂದು ರೂಪಾಯಿ ಕಡಿಮೆ ಮಾಡಿ ಅಂತಲೂ ಕೇಳಲಿಲ್ಲ. ಪೂರ್ತಿ ಹಣ ಈಗಲೇ ಕೊಡ್ತೀನಿ ಅಂದ. ಚೌಕಾಸಿ ಮಾಡದ ಗಿರಾಕಿ ಮಳೆಗಾಲದಲ್ಲಿ ಸಿಕ್ಕಾಗಲೇ ನನಗೆ ಅನುಮಾನ ಬರಬೇಕಿತ್ತು, ಅಲ್ವಾ? ಆದರೆ ಕಾರ್ಯಪ್ಪ, ತಿಮ್ಮಯ್ಯನವರ ಊರು ನಮ್ಮದು. ನನ್ನ ಚಿಕ್ಕಪ್ಪನೇ ರಿಟೈರ್ಡ್ ಸುಬೇದಾರ್. ಆರ್ಮಿ ಅಂದ ಕೂಡಲೇ ನಾವು ಅರ್ಧ ಬಾಗಿಲು ತೆಗೆದಿರುತ್ತೇವೆ. ಯೂನಿಫಾರಂ ಹಾಕಿದ ಫೋಟೋ, ಐಡಿ ಕಾರ್ಡು, ಕ್ಯಾಂಟೀನ್ ಕಾರ್ಡು ಎಲ್ಲಾ ಕಳಿಸಿದ. ಉಳಿದರ್ಧವನ್ನೂ ತೆಗೆದೆ.

"ಮೊದಲು 5 ರೂಪಾಯಿ ಹಾಕಿ ನೋಡ್ತೀನಿ ಸರ್, ಸರಿಯಾದ ಖಾತೆನಾ ಹೇಳಿ" ಅಂದ. 5 ರೂಪಾಯಿ ಬಂತು. ನಿಜವಾಗಿಯೂ ಬಂತು. ಆ್ಯಪಿನಲ್ಲಿ ನೋಡಿದೆ. ಆಮೇಲೆ ಅಂದ, "ಇನ್ನು ಉಳಿದದ್ದು ನಮ್ಮ ಅಕೌಂಟ್ಸ್ ಆಫೀಸಿಂದ ಬರುತ್ತೆ. ಆರ್ಮಿಯಲ್ಲಿ ಒಂದು ಸಲಕ್ಕೆ 2,000 ಲಿಮಿಟ್. ಸ್ಕ್ರೀನಿಗೆ ಮೆಸೇಜ್ ಬರುತ್ತೆ, ನೀವು ಪಿನ್ ಹಾಕಿ ಸ್ವೀಕಾರ ಮಾಡಿ."

ಬಂತು. ಒಂದು ಹೆಸರು, 2,000 ರೂಪಾಯಿ, ಕೆಳಗೆ ಸಣ್ಣಕ್ಷರದಲ್ಲಿ "RECEIVE ADVANCE ARMY BOOKING". ಅದರ ಕೆಳಗೆ ಎರಡು ಬಟನ್, Decline ಮತ್ತು Pay. ನಾನು ಓದಿದ್ದು RECEIVE ಅನ್ನುವ ಪದ ಮಾತ್ರ. ಒತ್ತಿದ್ದು Pay. ಪಿನ್ ಹಾಕಿದೆ.

"ಬಂತಾ ಸರ್?" ಅಂದ. ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿರಲಿಲ್ಲ, ಟವರ್ ಇದ್ದರಲ್ಲವೇ ಬರಲು. "ಇಲ್ಲ, ಇಲ್ಲಿ ನೆಟ್‌ವರ್ಕ್ ಸರಿ ಇಲ್ಲ" ಅಂತ ನಾನೇ ಅವನಿಗೆ ನೆಪ ಹೇಳಿಕೊಟ್ಟೆ! ಅವನು ತಕ್ಷಣ ಹಿಡಿದುಕೊಂಡ. "ಹೌದು ಸರ್, ನೆಟ್‌ವರ್ಕಿಂದ ಸಿಕ್ಕಿಕೊಂಡಿದೆ. ಇನ್ನೊಂದು ಸಲ ಮಾಡಿ, ಎರಡೂ ಒಟ್ಟಿಗೆ ಬರುತ್ತೆ." ಇನ್ನೊಂದು 2,000.

ಮೂರನೆಯದಕ್ಕೆ ಕ್ಯೂಆರ್ ಕಳಿಸಿದ. ಇದನ್ನು ಸ್ಕ್ಯಾನ್ ಮಾಡಿದರೆ ಪೂರ್ತಿ 15,000, ಜೊತೆಗೆ ಸಿಕ್ಕಿಕೊಂಡದ್ದೂ ಬರುತ್ತದೆ ಅಂದ. ಫೋಟೋ ನನ್ನ ಫೋನಿಗೆ ಬಂದಿತ್ತು, ಸ್ಕ್ಯಾನ್ ಮಾಡಲು ಇನ್ನೊಂದು ಫೋನು ಬೇಕು ಅಂದುಕೊಂಡೆ. ಅತ್ತಿಗೆಯನ್ನು ಕರೆದೆ. ಅವರು ಒಲೆ ಮುಂದಿನಿಂದ ಕೈ ಒರೆಸಿಕೊಂಡು ಬಂದು ಒಂದೇ ಮಾತು ಕೇಳಿದರು. "ಅಂಗಡಿಯಲ್ಲಿ ನಾವು ಸ್ಕ್ಯಾನ್ ಮಾಡಿದರೆ ದುಡ್ಡು ಹೋಗೋದು ನಮ್ಮದು. ಇಲ್ಲಿ ಹೆಂಗೆ ಬರುತ್ತೆ?"

ಆ 5 ರೂಪಾಯಿಯ ಅರ್ಥ ಆಗ ನನಗೆ ಹೊಳೆಯಿತು. ಅದು ಬಂದಾಗ ನಾನು ಏನೂ ಮಾಡಿರಲಿಲ್ಲ. ಯಾವ ಬಟನ್ನೂ ಒತ್ತಿರಲಿಲ್ಲ, ಪಿನ್ನೂ ಹಾಕಿರಲಿಲ್ಲ. ಸುಮ್ನೆ ಬಂದು ಕೂತಿತ್ತು. 5 ಬರುವ ದಾರಿಯಲ್ಲೇ 15,000 ಕೂಡ ಬರುತ್ತದೆ. ನನ್ನ ನಂಬಿಕೆ ಗಳಿಸಲು ಅವನು ಕಳಿಸಿದ್ದೇ ಅವನ ಸುಳ್ಳಿಗೆ ಸಾಕ್ಷಿ. ನಾನು ಅದನ್ನು ಕಣ್ಣೆದುರು ಇಟ್ಟುಕೊಂಡೂ ನೋಡಲಿಲ್ಲ.

ನಡೆದದ್ದು ಇಷ್ಟು. ಯುಪಿಐನಲ್ಲಿ ಹಣ ಕಳಿಸುವುದರ ಜೊತೆಗೆ ಹಣ ಕೇಳುವ ಸೌಲಭ್ಯವೂ ಇತ್ತು. ಅದಕ್ಕೆ ಕಲೆಕ್ಟ್ ರಿಕ್ವೆಸ್ಟ್ ಅನ್ನುತ್ತಾರೆ. ಸ್ನೇಹಿತರು ಊಟದ ಬಿಲ್ಲು ಹಂಚಿಕೊಳ್ಳಲಿ ಅಂತ ಇದ್ದ ಅನುಕೂಲ. ಕೇಳುವವನು ಮೊತ್ತ ಬರೆಯುತ್ತಾನೆ, ಕೆಳಗೆ ಒಂದು ಟಿಪ್ಪಣಿ ಬರೆಯುತ್ತಾನೆ. ಆ ಟಿಪ್ಪಣಿ ಬ್ಯಾಂಕ್ ಬರೆದದ್ದಲ್ಲ, ಆ್ಯಪ್ ಬರೆದದ್ದೂ ಅಲ್ಲ. ಕೇಳುವವನು RECEIVE ಅಂತ ಬರೆಯಬಹುದು, REFUND ಅಂತಲೂ ಬರೆಯಬಹುದು. ಪಿನ್ ಹಾಕುವ ಪುಟದಲ್ಲಿ ಮಾತ್ರ ಯಾರಿಗೆ, ಎಷ್ಟು ಅಂತ ಸರಿಯಾಗಿ ಇರುತ್ತದೆ. ನನ್ನ ಪುಟದಲ್ಲೂ ಇತ್ತು. ನೋಡುವಷ್ಟು ಹೊತ್ತು ಅವನು ಬಾಯಿ ಮುಚ್ಚಲಿಲ್ಲ. ಮಾತಾಡುತ್ತಲೇ ಇರುವುದು ಈ ಕಸುಬಿನ ಅರ್ಧ ಭಾಗ ಅಂತ ಈಗ ಅನಿಸುತ್ತದೆ. ಅಂದಹಾಗೆ ಆ 2,000ದ ಮಿತಿ ಆರ್ಮಿಯದ್ದಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಕಲೆಕ್ಟ್ ರಿಕ್ವೆಸ್ಟಿಗೆ ಯುಪಿಐ ಇಟ್ಟಿದ್ದ ಮಿತಿಯೇ ಅದು. ಮೋಸ ತಡೆಯಲು ಹಾಕಿದ ಬೇಲಿಯನ್ನೇ ಅವನು ಆರ್ಮಿ ನಿಯಮ ಅಂತ ನನಗೆ ತೋರಿಸಿದ.

ಟವರ್ ಸಿಗುವ ತನಕ ಜೀಪಲ್ಲಿ ಹೋಗಿ 1930ಕ್ಕೆ ಫೋನ್ ಮಾಡಿದೆ. ಇದು ಹಣದ ಸೈಬರ್ ವಂಚನೆಗೆ ಇರುವ ಸಹಾಯವಾಣಿ. cybercrime.gov.in ನಲ್ಲೂ ದೂರು ಹಾಕಬಹುದು. ಅವರು ಕೇಳಿದ್ದು ಮುಖ್ಯವಾಗಿ ಎರಡು ವಿಷಯ, ಸಮಯ ಮತ್ತು 12 ಅಂಕಿಯ ಯುಪಿಐ ರೆಫರೆನ್ಸ್ ನಂಬರ್. ಅದು ಆ್ಯಪಿನ ಹಿಸ್ಟರಿಯಲ್ಲಿ ಆ ವ್ಯವಹಾರ ತೆರೆದರೆ ಸಿಗುತ್ತದೆ. ದೂರು ಬೇಗ ಕೊಟ್ಟಷ್ಟೂ ಒಳ್ಳೆಯದು, ಯಾಕಂದರೆ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ನಿಮಿಷಗಳಲ್ಲಿ ಬೇರೆ ಬೇರೆ ಖಾತೆಗೆ ಹೋಗುತ್ತದೆ. ನಾನು ತಲುಪುವಾಗ ಸುಮಾರು ಒಂದು ಗಂಟೆ ಕಳೆದಿತ್ತು. ಮೊದಲ 2,000 ಹೋಗಿಯೇ ಬಿಟ್ಟಿತ್ತು. ಎರಡನೆಯದು ಒಂದು ಖಾತೆಯಲ್ಲಿ ತಡೆಹಿಡಿದರು, ಕೋರ್ಟ್ ಆದೇಶ ಎಲ್ಲಾ ಆಗಿ ಎಂಟು ತಿಂಗಳ ಮೇಲೆ ವಾಪಸ್ ಬಂತು. ಬ್ಯಾಂಕಿನಲ್ಲಿ ಕೇಳಿದ್ದಕ್ಕೆ "ಪಿನ್ ನೀವೇ ಹಾಕಿದ್ದೀರಲ್ಲ" ಅಂದರು. ಆಗ ಇದ್ದ ರಿಸರ್ವ್ ಬ್ಯಾಂಕಿನ 2017ರ ನಿಯಮವೂ ಹಾಗೇ ಇತ್ತು. ಗ್ರಾಹಕನ ಅಜಾಗ್ರತೆಯಿಂದ ಹೋದ ಹಣ, ಬ್ಯಾಂಕಿಗೆ ತಿಳಿಸುವ ತನಕ, ಗ್ರಾಹಕನದೇ ನಷ್ಟ. ತಿಳಿಸಿದ ಮೇಲೂ ಹೋದರೆ ಬ್ಯಾಂಕಿನದು.

ಸಂಜೆ ಚಿಕ್ಕಪ್ಪ ಬಂದರು. ಕಥೆ ಪೂರ್ತಿ ಕೇಳಿ, "ಫ್ಯಾಮಿಲಿ ಕರ್ಕೊಂಡು ರಜೆಗೆ ಬರೋನಿಗೆ ಯಾವ ಆಫೀಸು ಅಡ್ವಾನ್ಸ್ ಕಟ್ಟುತ್ತೋ ಮಾರಾಯ? ನಂಗೊಂದು ಫೋನ್ ಮಾಡೋಕೆ ಏನಾಗಿತ್ತು?" ಅಂದರು. ಉತ್ತರ ಇರಲಿಲ್ಲ.

ಈಗಿನ ಪರಿಸ್ಥಿತಿ ಸ್ವಲ್ಪ ಬೇರೆ. 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಲೆಕ್ಟ್ ರಿಕ್ವೆಸ್ಟ್ ಕಳಿಸುವುದನ್ನೇ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ನಿಲ್ಲಿಸಿದೆ. ನನ್ನ ಮಟ್ಟಿಗೆ ಯುಪಿಐನಲ್ಲಿ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದೂ ಒಂದು, ಮೂರು ವರ್ಷ ತಡವಾಗಿ ಬಂತು ಅಷ್ಟೆ. ಆದರೆ ಅತ್ತಿಗೆ ತಡೆದ ಆ ಕ್ಯೂಆರ್ ದಾರಿ ಇನ್ನೂ ತೆರೆದೇ ಇದೆ. ಅಪರಿಚಿತ ಲಿಂಕ್ ಒತ್ತಿದರೂ ಅದೇ ಪಾವತಿ ಪುಟ ತೆರೆದುಕೊಳ್ಳಬಹುದು. ಬಟನ್ನಿನ ಹೆಸರು ಏನೇ ಇರಲಿ, ಕೊನೆಗೆ ಪಿನ್ ಕೇಳಿದರೆ ಹಣ ಹೋಗುವುದು ನನ್ನ ಖಾತೆಯಿಂದ. ಬ್ಯಾಲೆನ್ಸ್ ನೋಡಲೂ ಪಿನ್ ಬೇಕು ನಿಜ, ಆದರೆ ಅದನ್ನು ನಾನೇ ಒತ್ತಿ ತೆರೆದಿರುತ್ತೇನೆ, ಯಾರೋ ಫೋನಿನಲ್ಲಿ ಹೇಳಿ ತೆರೆಸುವುದಿಲ್ಲ.

ನಾನು ಮಾಡಿಕೊಂಡ ದೊಡ್ಡ ಬದಲಾವಣೆ ಖಾತೆಯದು. ಹಣ ಬರುವ ಖಾತೆಯಲ್ಲಿ ಹಣ ಇರಬೇಕಾಗಿಲ್ಲ ಅನ್ನುವುದು ನನಗೆ ಅಷ್ಟು ವರ್ಷ ಹೊಳೆದೇ ಇರಲಿಲ್ಲ. ಈಗ ಹೋಂಸ್ಟೇಗೆ ಬೇರೆ ಖಾತೆ, ಯುಪಿಐ ಜೋಡಿಸಿರುವುದು ಅದಕ್ಕೆ ಮಾತ್ರ. ಕಾಫಿ ಮಾರಿದ ದುಡ್ಡು ಇರುವ ಹಳೇ ಖಾತೆ ಯಾವ ಆ್ಯಪಿನಲ್ಲೂ ಇಲ್ಲ. ಹೊಸದರಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ಸೇರಿದರೆ ರಾತ್ರಿ ಅತ್ತ ಕಳಿಸುತ್ತೇನೆ. ನಾಳೆ ಇನ್ನೊಬ್ಬ ಕ್ಯಾಪ್ಟನ್ ಬಂದು ನನ್ನನ್ನು ಮತ್ತೆ ಮಂಗ ಮಾಡಿದರೂ ಹೋಗುವುದು ಅಷ್ಟೇ.

ಅಡ್ವಾನ್ಸ್ ಕೇಳುವವರಿಗೆ ನನ್ನ ಯುಪಿಐ ಐಡಿ ಕಳಿಸುತ್ತೇನೆ, ಅವರು ಕಳಿಸಿದ್ದನ್ನು ನಾನು ಸ್ಕ್ಯಾನ್ ಮಾಡುವುದಿಲ್ಲ. ಹಣ ಹಾಕಿದೆ ಅಂದರೆ ಫೋನ್ ಇಟ್ಟು, ಆ್ಯಪ್ ತೆರೆದು, ಬ್ಯಾಂಕಿನ ಲೆಕ್ಕದಲ್ಲಿ ಬಂದಿದೆಯೇ ನೋಡಿ, ಆಮೇಲೆ ನಾನೇ ವಾಪಸ್ ಕರೆಯುತ್ತೇನೆ. ಈ ಫೋನ್ ಇಡುವುದು ಕಷ್ಟ. ಮರ್ಯಾದೆ ಅಡ್ಡ ಬರುತ್ತದೆ. ಆದರೆ ನಿಜವಾದ ಗಿರಾಕಿ ಐದು ನಿಮಿಷ ಕಾಯುತ್ತಾನೆ.

ಹೋದ ಫೆಬ್ರವರಿಯಲ್ಲಿ ಇದು ಉಪಯೋಗಕ್ಕೆ ಬಂತು. 750 ರೂಪಾಯಿಯ ಜೇನಿಗೆ ಒಬ್ಬ 7,500 ಹಾಕಿದೆ, ಒಂದು ಸೊನ್ನೆ ಜಾಸ್ತಿ ಬಿತ್ತು, 6,750 ತಿರುಗಿ ಕಳಿಸಿ, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ಅಂತ ಅಳುವ ಧ್ವನಿಯಲ್ಲಿ ಹೇಳಿದ. ಎಸ್ಸೆಮ್ಮೆಸ್ ಕೂಡ ಬಂದಿತ್ತು, "7,500 credited" ಅಂತ. ಆದರೆ ಕಳಿಸಿದ್ದು ಯಾವುದೋ ಹತ್ತಂಕಿಯ ಮೊಬೈಲ್ ನಂಬರ್, ನನ್ನ ಬ್ಯಾಂಕಿನ ಹೆಸರಿನಿಂದಲ್ಲ. ಖಾತೆ ನೋಡಿದರೆ ಏನೂ ಇಲ್ಲ. "ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅವರು ನನ್ನ ಬ್ಯಾಂಕಿಗೆ ಕೇಳಲಿ" ಅಂದೆ. ಅಳು ನಿಂತು ಬೈಗುಳ ಶುರುವಾಯಿತು. ಒಂದು ವೇಳೆ ಹಣ ನಿಜವಾಗಿ ಬಂದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಅದು ಇನ್ಯಾರದೋ ಕದ್ದ ಹಣ ಆಗಿದ್ದು, ನಾನು ಅವನು ಹೇಳಿದ ಬೇರೆ ನಂಬರಿಗೆ ಕಳಿಸಿದರೆ, ನಾಳೆ ಪೊಲೀಸರು ತಡೆಹಿಡಿಯುವುದು ನನ್ನ ಖಾತೆಯನ್ನು.

ಕೌಂಟರಿನಲ್ಲಿ ಇಟ್ಟಿರುವ ಮಾತಾಡುವ ಡಬ್ಬಿ ಬಗ್ಗೆಯೂ ಒಂದು ಮಾತು. ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರಿಗೆ ಅದು ಒಳ್ಳೆಯ ಮದ್ದು. ಆದರೆ ಅದರೊಳಗೂ ಸಿಮ್ಮೇ ಇರುವುದು. ಮಳೆಗಾಲದಲ್ಲಿ ಟವರ್ ಹೋದರೆ ಅದಕ್ಕೂ ಬಾಯಿ ಕಟ್ಟುತ್ತದೆ. ಒಮ್ಮೆ ರಾತ್ರಿ ಎರಡು ಗಂಟೆಗೆ ಟವರ್ ಬಂದು, ಹಗಲಿನ ವ್ಯಾಪಾರವನ್ನೆಲ್ಲಾ ಒಂದೊಂದಾಗಿ ಕೂಗಿ ಮನೆಮಂದಿಯನ್ನೆಲ್ಲಾ ಎಬ್ಬಿಸಿತು. ಇದಕ್ಕೆ ಅರ್ಧ ಅಂಕ, ಕಲೆಕ್ಟ್ ರಿಕ್ವೆಸ್ಟನ್ನು ಅಷ್ಟು ವರ್ಷ ಹಾಗೇ ಬಿಟ್ಟದ್ದಕ್ಕೆ ಒಂದು ಅಂಕ ಕಡಿತ. ಐದಕ್ಕೆ ಮೂರೂವರೆ.

ಮೇ ತಿಂಗಳಲ್ಲಿ ಮತ್ತೊಬ್ಬರು ಆರ್ಮಿಯವರು ಫೋನ್ ಮಾಡಿದ್ದರು, ಮೈಸೂರಿನವರು. ನಾನು ಮಾತು ಶುರು ಮಾಡುವ ಮುಂಚೆಯೇ ಅವರು, "ನಿಮ್ಮ ಯುಪಿಐ ಐಡಿ ಹೇಳಿ, ನಾನು ಹಾಕ್ತೀನಿ, ನೀವು ಏನೂ ಒತ್ತಬೇಡಿ" ಅಂದರು. ಅವರಿಗೂ ಈ ಮಾತು ಹೇಳಿ ಹೇಳಿ ಸಾಕಾಗಿತ್ತು ಅನಿಸುತ್ತೆ.