ಪದಪಟ್ಟಿ ಹಾಕಿಸಿದ ಮೇಲೆ ಬರುವ ತಪ್ಪುಗಳ ಬಗ್ಗೆ ಎಚ್ಚರ

ತಜ್ಞರ ಉಪನ್ಯಾಸದ ಆಡಿಯೊವನ್ನು ಯಂತ್ರದಿಂದ ಬರಹಕ್ಕಿಳಿಸಿಕೊಡುವ ಸೇವೆಯವರು "ನಿಮ್ಮ ಕ್ಷೇತ್ರದ ಪದಗಳನ್ನೆಲ್ಲ ಕೊಟ್ಟುಬಿಡಿ, ಪಟ್ಟಿ ಮಾಡಿ ಹಾಕುತ್ತೇವೆ, ಆಮೇಲೆ ತಪ್ಪೇ ಬರುವುದಿಲ್ಲ" ಎಂದರೆ ದಯವಿಟ್ಟು ನಂಬಿ ಸುಮ್ಮನಾಗಬೇಡಿ. ಅಂಥ ಪಟ್ಟಿಯಿಂದ ತಪ್ಪು ಕಡಿಮೆಯಾಗುತ್ತದೆ, ನಿಜ. ಆದರೆ ಉಳಿಯುವ ತಪ್ಪು ಬೇರೆ ಜಾತಿಯದು. ಅದು ಸರಿಯಾದ ಕಾಗುಣಿತದಲ್ಲಿ, ಸರಿಯಾದ ವಾಕ್ಯದೊಳಗೆ ಬಂದು ಕೂತಿರುತ್ತದೆ. ಅದನ್ನು ಬರೀ ಓದಿ ಹಿಡಿಯುವುದು ಕಷ್ಟ.

ನಮಗಾದದ್ದು ಹೀಗೆ. ಮೂತ್ರಪಿಂಡದ ಕಾಯಿಲೆಗಳ ಮೇಲೆ ಇಂಗ್ಲಿಷಿನಲ್ಲಿ ತರಬೇತಿ ಉಪನ್ಯಾಸಗಳ ಸರಣಿಯೊಂದಿತ್ತು. ಪಠ್ಯ ತಿದ್ದುವ ಕೆಲಸ ನನ್ನದು. ಮೊದಲ ಉಪನ್ಯಾಸದ ವಿಷಯ ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾಗುವುದು, ಅಂದರೆ ಹೈಪರ್‌ಕಲೀಮಿಯ. ಸೇವೆಯವರು ಅದರ ಸ್ಲೈಡುಗಳಿಂದಲೇ ಪದಗಳನ್ನು ಎತ್ತಿ ಪಟ್ಟಿ ಮಾಡಿದರು, ಎಲ್ಲ ಪದಗಳಿಗೂ ಬೂಸ್ಟ್ ಅನ್ನು, ಅಂದರೆ ಯಂತ್ರ ಆ ಪದಕ್ಕೆ ಕೊಡುವ ಆದ್ಯತೆಯನ್ನು, ಗರಿಷ್ಠಕ್ಕೆ ಇಟ್ಟರು. ಆ ಉಪನ್ಯಾಸದ ಪಠ್ಯ ಚೆನ್ನಾಗಿಯೇ ಬಂತು. ಅದೇ ಪಟ್ಟಿಯನ್ನು ಮುಂದಿನ ಉಪನ್ಯಾಸಕ್ಕೂ ಹಾಗೇ ಹಾಕಿದರು. ಅದರ ವಿಷಯ ಮೂತ್ರ ಹೆಚ್ಚಿಸುವ ಔಷಧಗಳು.

ಬಂದ ಪಠ್ಯದಲ್ಲಿ ಒಂದು ವಾಕ್ಯ: ಫ್ಯೂರೋಸೆಮೈಡ್ ಕೊಟ್ಟವರಲ್ಲಿ ಹೈಪರ್‌ಕಲೀಮಿಯ ಆಗುತ್ತದೆ, ಗಮನವಿಡಿ. ಇದು ಪೂರ್ತಿ ಉಲ್ಟಾ. ಫ್ಯೂರೋಸೆಮೈಡ್ ಮೂತ್ರದ ಜೊತೆ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುತ್ತದೆ. ಹಾಗಾಗಿ ಅದು ತರುವುದು ಹೈಪೋಕಲೀಮಿಯ, ಅಂದರೆ ಕೊರತೆ. ಕೊರತೆಯಾದವರಿಗೆ ಪೊಟ್ಯಾಸಿಯಂ ಕೊಡಬೇಕು, ಹೆಚ್ಚಾದವರಿಗೆ ಕೊಟ್ಟರೆ ಹೃದಯವೇ ನಿಲ್ಲಬಹುದು. ಓದಿದ ವೈದ್ಯರೊಬ್ಬರಿಗೆ ಸಂಶಯ ಬಂದು ಆಡಿಯೊ ಹಾಕಿ ಕೇಳಿದೆವು. ಭಾಷಣಕಾರರು ಹೇಳಿದ್ದು ಹೈಪೋ ಎಂದೇ. ಅದೇ ಉಪನ್ಯಾಸದಲ್ಲಿ ಸ್ಪೈರೊನೊಲ್ಯಾಕ್ಟೋನ್ ಬಗ್ಗೆಯೂ ಮಾತಿತ್ತು. ಆ ಔಷಧ ನಿಜವಾಗಿಯೂ ಪೊಟ್ಯಾಸಿಯಂ ಹೆಚ್ಚಿಸುತ್ತದೆ, ಅಲ್ಲಿ ಹೈಪರ್ ಎಂದೇ ಇರಬೇಕು. ಹೀಗೆ ಒಂದೇ ಪದ ಒಂದು ಕಡೆ ಸರಿ, ಇನ್ನೊಂದು ಕಡೆ ತಪ್ಪು. ಹುಡುಕಿ ಒಟ್ಟಿಗೇ ಬದಲಿಸುವ ದಾರಿಯೂ ಮುಚ್ಚಿತು.

ಇದು ಯಾಕಾಗುತ್ತದೆ ಎಂದು ತಿಳಿದುಕೊಂಡರೆ ಮುಂದಿನದು ಸುಲಭ. ಧ್ವನಿಯ ಪ್ರತಿ ತುಣುಕಿಗೂ ಯಂತ್ರದ ಮುಂದೆ ಹಲವು ಊಹೆಗಳಿರುತ್ತವೆ, ಪ್ರತಿಯೊಂದಕ್ಕೂ ಒಂದು ಅಂಕ. ಹೆಚ್ಚು ಅಂಕದ್ದು ಪಠ್ಯಕ್ಕೆ ಬರುತ್ತದೆ. ಪಟ್ಟಿಯಲ್ಲಿರುವ ಪದಕ್ಕೆ ಬೂಸ್ಟ್ ಎಂದರೆ ಹೆಚ್ಚುವರಿ ಅಂಕ, ಅಷ್ಟೇ. ಯಂತ್ರದ ಕಿವಿ ಅದರಿಂದ ಚುರುಕಾಗುವುದಿಲ್ಲ. ಹೈಪೋ ಮತ್ತು ಹೈಪರ್ ಎರಡರ ಒತ್ತೂ ಮುಂದಿನ "ಲೀ" ಮೇಲೆ ಬೀಳುತ್ತದೆ, ನಡುವಿನ "ಪೋ" ಮತ್ತು "ಪರ್" ವೇಗದ ಮಾತಿನಲ್ಲಿ ಸವೆದುಹೋಗುತ್ತವೆ. ಮೈಕ್ ದೂರವಿದ್ದರೆ ಇನ್ನೂ ಕಷ್ಟ. ಅಂಥ ಕಡೆ ಎರಡು ಊಹೆಗಳ ಅಂಕ ಹತ್ತಿರ ಹತ್ತಿರ ಇರುತ್ತದೆ. ನಮ್ಮ ಪಟ್ಟಿಯಲ್ಲಿ ಇದ್ದದ್ದು ಹೈಪರ್ ಒಂದೇ, ಹೈಪೋ ಇರಲಿಲ್ಲ. ಹೆಚ್ಚುವರಿ ಅಂಕ ಯಾವ ಕಡೆಗೆ ಹೋಯಿತು ಎಂದು ಬೇರೆ ಹೇಳಬೇಕಿಲ್ಲ.

ಪಟ್ಟಿಯಿಲ್ಲದ ಪ್ರತಿಯನ್ನು ತರಿಸಿ ನೋಡಿದಾಗ ಅದೇ ಜಾಗದಲ್ಲಿ ಮುರಿದ, ಅರ್ಥವಿಲ್ಲದ ಪದವೊಂದಿತ್ತು. ಅದು ಕಂಡಿದ್ದರೆ ಯಾರಾದರೂ ನಿಂತು ಆಡಿಯೊ ಕೇಳುತ್ತಿದ್ದರು. ನನಗೆ ಬೇಸರವಾದದ್ದು ಇದಕ್ಕೇ.

ಆದ್ದರಿಂದ ಜೋಡಿ ಪದಗಳಿದ್ದಲ್ಲಿ ಎರಡನ್ನೂ ಒಟ್ಟಿಗೆ, ಒಂದೇ ತೂಕದಲ್ಲಿ ಹಾಕಿಸಿ, ಇಲ್ಲವೇ ಎರಡನ್ನೂ ಬಿಡಿ. ಕಲೀಮಿಯದ ಜೊತೆ ಕ್ಯಾಲ್ಸಿಯಂಗೆ ಸಂಬಂಧಿಸಿದ ಹೈಪೋಕ್ಯಾಲ್ಸೀಮಿಯವೂ ಇದೆ, ಕಿವಿಗೆ ಅದೂ ಹತ್ತಿರದ್ದೇ. ಇಂಥ ಜೋಡಿಗಳು ಯಾವುವು ಎಂದು ಆ ಕ್ಷೇತ್ರದವರನ್ನೇ ಕೇಳಬೇಕು. ಸ್ಲೈಡಿನಿಂದ ಪದ ಎತ್ತಿದರೆ ಸಿಗುವುದು ಆ ದಿನದ ಪದಗಳು ಮಾತ್ರ. ಅದಕ್ಕೇ ಪ್ರತಿ ಉಪನ್ಯಾಸಕ್ಕೂ ಪಟ್ಟಿ ಬೇರೆಯಾಗಿರಬೇಕು.

ಹೆಸರುಗಳ ಕಥೆ ಇನ್ನೊಂದು. ಮೂತ್ರಪಿಂಡದ ಸೂಕ್ಷ್ಮನಾಳದಲ್ಲಿ ಬಾಗಿದ ಒಂದು ಭಾಗವಿದೆ, ಅದನ್ನು ವಿವರಿಸಿದ ಜರ್ಮನ್ ಅಂಗರಚನಾ ತಜ್ಞ ಹೆನ್ಲೆಯ ಹೆಸರಿನಿಂದ ಅದಕ್ಕೆ ಲೂಪ್ ಆಫ್ ಹೆನ್ಲೆ ಎನ್ನುತ್ತಾರೆ. ಸೇವೆಯವರು ಪಟ್ಟಿಗೆ `Henle` ಎಂದಷ್ಟೇ ಹಾಕಿದ್ದರು. ಭಾಷಣಕಾರರು ಮೂತ್ರಪಿಂಡ ಪೊಟ್ಯಾಸಿಯಂ ಅನ್ನು ಹೇಗೆ ಹ್ಯಾಂಡಲ್ ಮಾಡುತ್ತದೆ ಎಂದಲ್ಲೆಲ್ಲ `kidneys Henle potassium` ಎಂದು ಬಂತು. ಚಿಕ್ಕ ಪದಕ್ಕೆ ಹೋಲುವ ಸಾಮಾನ್ಯ ಪದಗಳು ಜಾಸ್ತಿ, ಹಾಗಾಗಿ ಒಂಟಿ ಹೆಸರಿಗೆ ಗರಿಷ್ಠ ಬೂಸ್ಟ್ ಕೊಡುವುದು ಅಪಾಯ. `loop of Henle` ಎಂದು ಪೂರ್ತಿ ನುಡಿಗಟ್ಟನ್ನು ಹಾಕಿಸಿ, ಬೂಸ್ಟ್ ಇಳಿಸಿದ ಮೇಲೆ ಆ ಕಾಟ ತಪ್ಪಿತು. ಸಂಕ್ಷಿಪ್ತ ರೂಪಗಳಿಗೂ ಇದೇ ಮಾತು: `ACE` ಅಲ್ಲ, `ACE inhibitor`.

ಮಾತನ್ನು ಬರಹಕ್ಕಿಳಿಸುವ ವಿಸ್ಪರ್ ತಂತ್ರಾಂಶ ಬಳಸಿ ತಾವೇ ಮಾಡಿಕೊಳ್ಳುವವರು ಇನ್ನೊಂದು ವಿಷಯ ನೋಡಿಕೊಳ್ಳಿ. ಅಲ್ಲಿ ಪದಗಳನ್ನು ಕೊಡುವುದು `initial_prompt` ಮೂಲಕ. ಅದಕ್ಕೆ ಹಿಡಿಯುವುದು ಸುಮಾರು 224 ಟೋಕನ್, ಅಂದರೆ ಪದದ ಚಿಕ್ಕ ತುಣುಕುಗಳು, ಮಾತ್ರ. ಉದ್ದ ಪಟ್ಟಿ ಕೊಟ್ಟರೆ ಕೊನೆಯ ಭಾಗ ಉಳಿದು ಮೊದಲಿನದು ಉದುರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ. ಅಲ್ಲದೆ ಆಡಿಯೊ 30 ಸೆಕೆಂಡುಗಳ ತುಂಡುಗಳಲ್ಲಿ ಸಾಗುತ್ತದೆ. ಬೇರೆ ಆಯ್ಕೆ ಕೊಡದಿದ್ದರೆ ಮುಂದಿನ ತುಂಡುಗಳಿಗೆ ಹಿಂದಿನ ಪಠ್ಯವೇ ಸೂಚನೆಯಾಗುತ್ತಾ ಹೋಗಿ ನಿಮ್ಮ ಪಟ್ಟಿ ಬದಿಗೆ ಸರಿಯುತ್ತದೆ. ಆರಂಭದಲ್ಲಿ ಹೆಸರುಗಳು ಸರಿಯಾಗಿ ಬಂದು, ನಡುವಿನಲ್ಲಿ ಕೆಡಲು ಶುರುವಾದರೆ ಕಾರಣ ಇದೇ ಇರಬಹುದು. ಕನ್ನಡ ಲಿಪಿಯಲ್ಲಿ ಕೊಟ್ಟ ಪದಗಳು ಟೋಕನ್‌ಗಳನ್ನು ಬಹಳ ಬೇಗ ತಿಂದುಹಾಕುತ್ತವೆ.

ಸೇವೆಯವರು ಕೊನೆಯವರೆಗೂ ಹೇಳಿದ್ದು ಒಂದೇ ಮಾತು, ಪದದೋಷದ ಪ್ರಮಾಣ ಇಳಿದಿದೆ ಎಂದು. ಆ ಲೆಕ್ಕದಲ್ಲಿ ಹೈಪೋ ಹೋಗಿ ಹೈಪರ್ ಆದದ್ದೂ ಒಂದು ತಪ್ಪು, ಎಲ್ಲೋ ಒಂದು "ದಿ" ಬಿಟ್ಟುಹೋದದ್ದೂ ಒಂದೇ ತಪ್ಪು. ನೀವು ಕೇಳಬೇಕಾದದ್ದು ಪಟ್ಟಿಯ ಪ್ರತಿ ಪದಕ್ಕೂ ಎರಡು ಲೆಕ್ಕ: ಹೇಳಿದ ಕಡೆ ಎಷ್ಟು ಸಲ ಸರಿಯಾಗಿ ಬಂತು, ಹೇಳದೇ ಇದ್ದ ಕಡೆ ಎಷ್ಟು ಸಲ ನುಸುಳಿತು. ಎರಡನೆಯದನ್ನು ನಮಗೆ ಅವರು ಕೊಡಲೇ ಇಲ್ಲ.

ಆ ಲೆಕ್ಕವನ್ನು ನಾವೇ ತೆಗೆಯಬಹುದು. ಅದೇ ಆಡಿಯೊವನ್ನು ಪಟ್ಟಿ ಹಾಕಿ ಒಮ್ಮೆ, ಹಾಕದೆ ಒಮ್ಮೆ ಓಡಿಸಿ, ಎರಡು ಪಠ್ಯಗಳನ್ನು ಹೋಲಿಸಿ:

```
git diff --no-index --word-diff without.txt with.txt
```

ಬದಲಾದ ಜಾಗಗಳು ಬಣ್ಣದಲ್ಲಿ ಕಾಣುತ್ತವೆ. ಅವುಗಳಲ್ಲಿ ಪಟ್ಟಿಯ ಪದ ಹೊಸದಾಗಿ ಬಂದು ಕೂತ ಪ್ರತಿಯೊಂದು ಜಾಗದ ಆಡಿಯೊವನ್ನೂ ಕಿವಿಯಿಂದ ಕೇಳಿ. ಇಡೀ ಉಪನ್ಯಾಸ ಮತ್ತೆ ಕೇಳುವುದಕ್ಕಿಂತ ಇದು ಎಷ್ಟೋ ಕಡಿಮೆ ಕೆಲಸ. ಆಡಿಯೊದಲ್ಲಿ ಸ್ಪಷ್ಟವಿಲ್ಲದ್ದನ್ನು ಊಹಿಸಿ ತುಂಬದೆ, ಭಾಷಣಕಾರರಿಗೆ ಸಮಯದ ಗುರುತು ಹಾಕಿ ಕಳಿಸಿ. ಎರಡೂ ಪ್ರತಿಗಳು ಬೇಕೆಂದು ಮೊದಲೇ ಬರೆಸಿಕೊಳ್ಳಿ. ಪಟ್ಟಿಯಿಲ್ಲದ ಪ್ರತಿ ಕೊಡುವುದಿಲ್ಲ ಎನ್ನುವವರಿಗೆ ಔಷಧದ ವಿಷಯವಿರುವ ಆಡಿಯೊ ಕೊಡಲೇಬೇಡಿ.