ಅರ್ಧಕ್ಕೇ ನಿಂತ ಆರ್ಡರ್: ರೈತರ ಸಹಕಾರ ಸಂಘದ ವೆಬ್‌ಸೈಟ್, ಎರಡು ವರ್ಷದ ಬಳಕೆಯ ನಂತರ

ಐದಕ್ಕೆ ನಾಲ್ಕು ನಕ್ಷತ್ರ. ಹೋದ ಒಂದು ನಕ್ಷತ್ರ ಒಂದೇ ಒಂದು ಚಿಹ್ನೆಯ ಲೆಕ್ಕಕ್ಕೆ ಸೇರಿದ್ದು: &. ಅದರ ಕಥೆ ಸ್ವಲ್ಪ ಉದ್ದ, ಮೊದಲು ಸೈಟು ಹೇಗಿದೆ ಅಂತ ನೋಡೋಣ.

ಇದು ಸಂಘದ ಸದಸ್ಯ ರೈತರು ತಂದುಕೊಟ್ಟ ತರಕಾರಿ, ಹಣ್ಣುಗಳ ಪಟ್ಟಿ. ಪ್ರತಿ ಸಾಲಿನಲ್ಲಿ ಹೆಸರು, ದರ, ಅಳತೆ, ಎಷ್ಟು ಬೇಕು ಅಂತ ತುಂಬುವ ಚೌಕ. ಕೆಳಗೆ ಹಸಿರು ಗುಂಡಿ. ಲಾಗಿನ್ ಇಲ್ಲ, ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ಗುಂಡಿ ಒತ್ತಿದರೆ ವಾಟ್ಸ್ಆ್ಯಪ್ ತೆರೆಯುತ್ತದೆ, ಸಂಘದ ಸಂಖ್ಯೆಯ ಚಾಟ್‌ನಲ್ಲಿ ನಿಮ್ಮ ಆರ್ಡರ್ ಆಗಲೇ ಟೈಪ್ ಆಗಿ ಕೂತಿರುತ್ತದೆ. ಕಳಿಸುವ ಬಾಣವನ್ನು ಒತ್ತಿದರೆ ಕೆಲಸ ಮುಗಿಯಿತು.

ಆ ಬಾಣವನ್ನು ಒತ್ತಲೇಬೇಕು, ಇದನ್ನು ಹೊಸಬರು ಮರೆಯುತ್ತಾರೆ. ಗುಂಡಿಯ ಹಿಂದಿರುವ, ವಾಟ್ಸ್ಆ್ಯಪ್ ತೆರೆಯುವ ಇಂಥ ಕೊಂಡಿ ಸಂದೇಶವನ್ನು ಬರೆದುಕೊಡುತ್ತದೆಯೇ ಹೊರತು ಕಳಿಸುವುದಿಲ್ಲ. ನೀವು ಕಳಿಸಿದಿರೋ, ಹಾಗೇ ಹಿಂದಕ್ಕೆ ಬಂದಿರೋ ಸೈಟಿಗೆ ಗೊತ್ತೇ ಆಗುವುದಿಲ್ಲ. ಆದರೂ ಗುಂಡಿ ಒತ್ತಿದ ಕೂಡಲೇ ಪುಟದಲ್ಲಿ ‘ಧನ್ಯವಾದ, ಆರ್ಡರ್ ತಲುಪಿದೆ’ ಅಂತ ಬರುತ್ತಿತ್ತು, ಸೈಟಿನಲ್ಲಿ ನೀವು ಆರಿಸಿದ್ದೆಲ್ಲ ಕೂತಿರುವ ಚೀಲವೂ ಖಾಲಿಯಾಗುತ್ತಿತ್ತು. ಅದು ಹಸಿ ಸುಳ್ಳು. ಈಗ ‘ವಾಟ್ಸ್ಆ್ಯಪ್‌ನಲ್ಲಿ ಕಳಿಸಿ’ ಅಂತ ಬದಲಾಯಿಸಿದ್ದಾರೆ, ಚೀಲವನ್ನೂ ಮರುದಿನದವರೆಗೆ ಹಾಗೇ ಇಡುತ್ತಾರೆ.

ಈ ಸೈಟಿನ ದೊಡ್ಡ ಸುಖ ಇರುವುದು ಸೈಟಿನ ಹೊರಗೆ. ಕಳಿಸಿದ ಆರ್ಡರ್ ನಿಮ್ಮದೇ ಚಾಟ್‌ನಲ್ಲಿ ಉಳಿಯುತ್ತದೆ. ವಾರ ಕಳೆದ ಮೇಲೆ ಅದೇ ಚಾಟ್ ತೆರೆದು, ಹಳೆಯ ಸಂದೇಶವನ್ನು ಒತ್ತಿಹಿಡಿದು ಕಾಪಿ ಮಾಡಿ, ಕೆಳಗೆ ಅಂಟಿಸಿ, ಎರಡು ಕೆಜಿ ಇದ್ದದ್ದನ್ನು ಒಂದು ಮಾಡಿ, ಬೇಡದ ಸಾಲು ಅಳಿಸಿ ಕಳಿಸಬಹುದು. ಸೈಟನ್ನು ತೆರೆಯುವ ಗೋಜೇ ಇಲ್ಲ. ಹನ್ನೆರಡು ಬಗೆಯ ಆರ್ಡರ್ ಒಂದು ನಿಮಿಷದ ಕೆಲಸ. ಮನೆಯ ಹಿರಿಯರು ತಾವಾಗಿಯೇ ಮಾಡಿಕೊಳ್ಳುವಷ್ಟು ಸಲೀಸು. ಪ್ರತಿ ಸಲ ಹುಡುಕಿ, ಒತ್ತಿ, ಚೀಲಕ್ಕೆ ಸೇರಿಸುವ ದೊಡ್ಡ ಆ್ಯಪ್‌ಗಳಲ್ಲಿ ಈ ಆರಾಮ ಸಿಗದು.

ಹಳೆಯ ಸಂದೇಶದಲ್ಲಿ ಹಳೆಯ ದರವೇ ಇರುತ್ತದಲ್ಲ, ಅದಕ್ಕೇನು ಮಾಡುತ್ತಾರೆ? ಇಲ್ಲಿ ಸಂಘದವರು ಜಾಣತನ ತೋರಿಸಿದ್ದಾರೆ. ಸಂದೇಶದ ಮೊದಲ ಸಾಲಿನಲ್ಲೇ ದರಪಟ್ಟಿಯ ತಾರೀಖು, ಸಮಯ ಇರುತ್ತದೆ. ನಿನ್ನೆಯಿಂದ ಮುಚ್ಚದೆ ಬಿಟ್ಟ ಟ್ಯಾಬ್‌ನಿಂದ ಆರ್ಡರ್ ಮಾಡಿದರೂ, ಹೋದ ವಾರದ್ದನ್ನು ಅಂಟಿಸಿದರೂ ತಾರೀಖು ಹಳೆಯದು ಅಂತ ಅವರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ. ತಾರೀಖು ಇವತ್ತಿನದಾದರೆ ಆ ಪಟ್ಟಿಯ ದರವೇ ದರ. ಹಳೆಯದಾದರೆ ಹೊಸ ಮೊತ್ತ ಬರೆದು ‘ಸರಿಯೇ?’ ಅಂತ ಕೇಳುತ್ತಾರೆ, ನೀವು ಹೂಂ ಅಂದ ಮೇಲೆಯೇ ತೂಕಕ್ಕೆ ಹಾಕುತ್ತಾರೆ. ಸಂದೇಶವನ್ನು ಯಾರು ಬೇಕಾದರೂ ತಿದ್ದಬಹುದಾದ್ದರಿಂದ ಅದರಲ್ಲಿರುವ ಮೊತ್ತವನ್ನು ಅವರು ನಂಬುವುದೂ ಇಲ್ಲ, ತಮ್ಮ ಪಟ್ಟಿ ನೋಡಿ ಮತ್ತೆ ಕೂಡುತ್ತಾರೆ. ಅದೇ ಸರಿ.

ಕುಂಬಳ, ಕಲ್ಲಂಗಡಿಯಂಥ ಇಡೀ ಕಾಯಿಗೆ ‘ಅಂದಾಜು’ ಅಂತ ಇರುತ್ತದೆ. ತೂಗಿದ ಮೇಲಿನ ಮೊತ್ತವೇ ಕೊನೆಯದು. ಇದಕ್ಕೆ ತಕರಾರಿಲ್ಲ.

ಈಗ ಆ & ವಿಷಯ.

ಮೊದಲ ವರ್ಷ ಕೆಲವು ಚೀಲಗಳು ಅರ್ಧ ಮಾತ್ರ ಬರುತ್ತಿದ್ದವು. ಒಂದು ಆರ್ಡರನ್ನೇ ನೋಡಿ: ಟೊಮೆಟೊ 2 ಕೆಜಿ, ‘ಕ್ಯಾರೆಟ್ & ಬೀಟ್‌ರೂಟ್ ಕಟ್ಟು’ 1, ಈರುಳ್ಳಿ 3 ಕೆಜಿ, ಆಮೇಲೆ ಇನ್ನೂ ನಾಲ್ಕು ಬಗೆ. ಮನೆಗೆ ಬಂದದ್ದು ಟೊಮೆಟೊ ಮತ್ತು ಒಂದಿಷ್ಟು ಕ್ಯಾರೆಟ್. ಸಂಘದವರ ಮೇಲೆ ರೇಗುವುದು ಸಹಜ, ಆದರೆ ಅವರ ಕೈಗೆ ಸಿಕ್ಕ ಸಂದೇಶದಲ್ಲಿ ಇದ್ದದ್ದೇ ಅಷ್ಟು. ಪ್ಯಾಕ್ ಮಾಡುವವರು ಸಂದೇಶದಂತೆ ತೂಗಿ ಕಟ್ಟಿದ್ದರು.

ಕಾರಣ ಕೊಂಡಿಯೊಳಗೇ ಇದೆ. ವಾಟ್ಸ್ಆ್ಯಪ್ ತೆರೆಯುವ ವಿಳಾಸದಲ್ಲಿ ಮೊದಲು ಸಂಘದ ಫೋನ್ ಸಂಖ್ಯೆ, ಆಮೇಲೆ `?text=`, ಅದರ ಮುಂದೆ ನಿಮ್ಮ ಸಂದೇಶ. ವಿಳಾಸದಲ್ಲಿ ಖಾಲಿ ಜಾಗ, ಹೊಸ ಸಾಲು ಹಾಗೇ ಹೋಗುವಂತಿಲ್ಲ. ಖಾಲಿ ಜಾಗ `%20` ಆಗಬೇಕು, ಹೊಸ ಸಾಲು `%0A` ಆಗಬೇಕು. & ಚಿಹ್ನೆಗೆ ಮಾತ್ರ ವಿಳಾಸದಲ್ಲಿ ಬೇರೆಯೇ ಅರ್ಥವಿದೆ: ಒಂದು ವಿವರ ಮುಗಿಯಿತು, ಇನ್ನೊಂದು ಶುರುವಾಯಿತು ಅಂತ. ಹಾಗಾಗಿ ಅದನ್ನು `%26` ಮಾಡದೆ ಬಿಟ್ಟರೆ ಸಂದೇಶ ಅಲ್ಲಿಗೇ ಕೊನೆ. ಮುಂದಿನದೆಲ್ಲ ಯಾರಿಗೂ ಬೇಡವಾದ ಇನ್ನೊಂದು ವಿವರ ಅನ್ನಿಸಿಕೊಂಡು ಬಿದ್ದುಹೋಗುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೀಗೆ:

```
?text=Tomato%202kg%0ACarrot%20&%20Beet%201%0AOnion%203kg
?text=Tomato%202kg%0ACarrot%20%26%20Beet%201%0AOnion%203kg
```

ಮೊದಲನೆಯದು Carrot ಅನ್ನುವಲ್ಲಿಗೆ ನಿಲ್ಲುತ್ತದೆ. ಎರಡನೆಯದು ಈರುಳ್ಳಿಯವರೆಗೂ ಪೂರ್ತಿ ಹೋಗುತ್ತದೆ.

ಇದನ್ನು ಸೈಟ್ ಮಾಡಿದವರು ಗಮನಿಸಲಿಲ್ಲವೇ ಅಂದರೆ, ಗಮನಕ್ಕೆ ಬಾರದ ಹಾಗೇ ಇದೆ ಈ ತಪ್ಪು. ಜಾವಾಸ್ಕ್ರಿಪ್ಟ್‌ನಲ್ಲಿ ಈ ಕೆಲಸಕ್ಕೆ ಎರಡು ಸಾಧನಗಳಿವೆ. `encodeURI` ಇಡೀ ವಿಳಾಸಕ್ಕೆಂದೇ ಇರುವುದು. ಅದು ಕನ್ನಡ ಅಕ್ಷರ, ಖಾಲಿ ಜಾಗ, ಹೊಸ ಸಾಲು ಎಲ್ಲವನ್ನೂ ಸರಿಯಾಗಿ ಬದಲಿಸುತ್ತದೆ, ಆದರೆ ವಿಳಾಸದ ಕೀಲುಗಳಾದ &, #, + ಇವನ್ನು ಬೇಕೆಂದೇ ಮುಟ್ಟುವುದಿಲ್ಲ. ಸಂದೇಶದಂಥ ಒಂದು ತುಣುಕಿಗೆ ಬೇಕಾದ್ದು ಇನ್ನೊಂದು:

```
"https://wa.me/" + number + "?text=" + encodeURIComponent(message)
```

ಮೊದಲನೆಯದನ್ನು ಬಳಸಿ ನಾಲ್ಕು ತರಕಾರಿಯ ಆರ್ಡರ್ ಕಳಿಸಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪಟ್ಟಿಯಲ್ಲಿ & ಇರುವ ಒಂದು ಹೆಸರು ಸೇರಿದ ದಿನ ಮಾತ್ರ ಮುರಿಯುತ್ತದೆ, ಅದೂ ಆ ಬಗೆಯನ್ನು ಆರಿಸಿದವರಿಗಷ್ಟೇ. ಅದಕ್ಕೇ ದೂರು ಅಪರೂಪಕ್ಕೊಮ್ಮೆ ಬಂದು, ಪ್ಯಾಕಿಂಗ್‌ನವರ ಮರೆವು ಅಂತ ಮುಚ್ಚಿಹೋಗುತ್ತಿತ್ತು.

ತೇಪೆ ಹಾಕಿದ ರೀತಿಯೂ ಅಷ್ಟಕ್ಕಷ್ಟೇ. ಪಟ್ಟಿಯ ಹೆಸರುಗಳಲ್ಲಿ & ತೆಗೆದು ‘ಮತ್ತು’ ಹಾಕಿದರು, ಕೋಡ್ ಹಾಗೇ ಉಳಿಯಿತು. ಪಟ್ಟಿ ಅವರ ಕೈಯಲ್ಲಿದೆ, ಆದರೆ ಸೂಚನೆ ಬರೆಯುವ ಚೌಕ ನಮ್ಮ ಕೈಯಲ್ಲಿದೆ. ಅಲ್ಲಿ ಯಾರಾದರೂ ಮನೆ ಸಂಖ್ಯೆಯನ್ನು #14 ಅಂತ ಬರೆದರೆ # ಮತ್ತು ಅದರ ಮುಂದಿನದು ಇವತ್ತಿಗೂ ಮಾಯ. ಕೊಂಡಿಯ ವಿಳಾಸದಲ್ಲಿ # ಬಂದರೆ ಅಲ್ಲಿಂದ ಮುಂದಿನ ಭಾಗ ಸರ್ವರ್‌ಗೆ ಹೋಗುವುದೇ ಇಲ್ಲ. ಸೂಚನೆ ಸಂದೇಶದ ಕೊನೆಯಲ್ಲಿ ಬರುವುದರಿಂದ ತರಕಾರಿ ಪೂರ್ತಿ ಬರುತ್ತದೆ, ಎಲ್ಲಿಗೆ ತಲುಪಿಸಬೇಕು ಅನ್ನುವುದು ಮಾತ್ರ ಬರುವುದಿಲ್ಲ! ‘ಎ+’ ದರ್ಜೆ ಅಂತ ಬರೆದರೆ ಪ್ಲಸ್ ಚಿಹ್ನೆ ಖಾಲಿ ಜಾಗವಾಗಿ ಹೋಗುವ ಸಂಭವವೂ ಇದೆ. ಕೋಡ್‌ನಲ್ಲಿ ಒಂದು ಪದ ಬದಲಿಸಿದರೆ ಮೂರೂ ಒಟ್ಟಿಗೆ ಸರಿಯಾಗುತ್ತವೆ, ಅದನ್ನು ಮಾಡದೆ ಹೆಸರು ತಿದ್ದುತ್ತಾ ಕೂರುವುದು ಸೋರುವ ನಲ್ಲಿಯ ಕೆಳಗೆ ಬಕೆಟ್ ಬದಲಿಸಿದ ಹಾಗೆ.

ಸರಿಯಾಗುವ ತನಕ ಬಳಸುವವರು ಮಾಡಬೇಕಾದ್ದು ಇಷ್ಟು. ವಾಟ್ಸ್ಆ್ಯಪ್ ತೆರೆದ ಮೇಲೆ, ಬಾಣ ಒತ್ತುವ ಮುಂಚೆ, ಸಂದೇಶದ ಕೊನೆಯ ಸಾಲಿಗೆ ಹೋಗಿ. ಸೂಚನೆ ಬರೆದಿದ್ದರೆ ಅದರ ಕೊನೆಯ ಪದ ಇರಬೇಕು, ಬರೆಯದಿದ್ದರೆ ‘ಒಟ್ಟು’ ಅನ್ನುವ ಸಾಲು ಇರಬೇಕು. ಇಲ್ಲದಿದ್ದರೆ ಸಂದೇಶ ತುಂಡಾಗಿದೆ ಅಂತಲೇ ಅರ್ಥ, ಉಳಿದದ್ದನ್ನು ಅಲ್ಲೇ ಕೈಯಿಂದ ಟೈಪ್ ಮಾಡಿ. ವಾಟ್ಸ್ಆ್ಯಪ್‌ನೊಳಗೆ ಎಷ್ಟು & ಹಾಕಿದರೂ ತೊಂದರೆಯಿಲ್ಲ, ಏಟು ಬೀಳುವುದು ಸೈಟಿನಿಂದ ಕೊಂಡಿಯ ಮೂಲಕ ದಾಟುವಾಗ ಮಾತ್ರ. ಹಳೆಯ ಆರ್ಡರ್ ಕಾಪಿ ಮಾಡಿ ಅಂಟಿಸುವವರಿಗೆ ಅದಕ್ಕೇ ಈ ಕಾಟ ತಟ್ಟಿಯೇ ಇಲ್ಲ.

ಸಂಘದವರಿಗೂ ಒಂದು ಸಣ್ಣ ಕೆಲಸವಿದೆ. ‘ಒಟ್ಟು 7 ಬಗೆ’ ಅನ್ನುವ ಸಾಲು ಈಗ ತರಕಾರಿಗಳ ಕೆಳಗಿದೆ. ಸಂದೇಶ ತುಂಡಾದರೆ ಮೊದಲು ಹೋಗುವುದೇ ಅದು, ಇಲ್ಲದ ಸಾಲನ್ನು ಗಡಿಬಿಡಿಯಲ್ಲಿ ಪ್ಯಾಕ್ ಮಾಡುವವರು ಗಮನಿಸುವುದಿಲ್ಲ. ಅದನ್ನು ತಾರೀಖಿನ ಪಕ್ಕಕ್ಕೆ, ಮೇಲಕ್ಕೆ ತಂದರೆ ಸಾಕು. ಮೇಲೆ 7 ಅಂತಿದ್ದು ಕೆಳಗೆ ಎರಡೇ ಬಗೆ ಕಂಡರೆ ತೂಗುವ ಮುಂಚೆಯೇ ಕೇಳುತ್ತಾರೆ.

ಕೊಂಡಿಯ ಉದ್ದದ ಬಗ್ಗೆಯೂ ಒಂದು ಮಾತು. ಕನ್ನಡದ ಪ್ರತಿ ಅಕ್ಷರಭಾಗವೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗುತ್ತದೆ. ಗುಣಿತದ ಚಿಹ್ನೆಗಳನ್ನೂ ಎಣಿಸಿದರೆ ‘ಟೊಮೆಟೊ’ ಅನ್ನುವುದು ಆರು ಭಾಗ, ಅಂದರೆ 54 ಚಿಹ್ನೆ. ಇಪ್ಪತ್ತು ಬಗೆಗೆ ಕೊಂಡಿ ಸಾವಿರಾರು ಚಿಹ್ನೆಗಳಷ್ಟು ಬೆಳೆಯುತ್ತದೆ, ಅಷ್ಟುದ್ದದ್ದನ್ನು ಬೇರೆ ಆ್ಯಪ್‌ಗಳ ಒಳಗೇ ತೆರೆಯುವ ಬ್ರೌಸರ್‌ಗಳು ಎಲ್ಲ ಕಡೆ ಒಂದೇ ಥರ ನಡೆಸುವುದಿಲ್ಲ. ದೊಡ್ಡ ಆರ್ಡರ್ ಇದ್ದರೆ ಸೈಟನ್ನು ಫೋನಿನ ಮಾಮೂಲಿ ಬ್ರೌಸರ್‌ನಲ್ಲೇ ತೆರೆಯುವುದು ಒಳ್ಳೆಯದು, ಅಥವಾ ಎರಡು ಸಂದೇಶ ಮಾಡಿ ಕಳಿಸಬಹುದು. ಹೆಸರಿನ ಬದಲು ಸಂಕೇತ ಸಂಖ್ಯೆ ಹಾಕಿ ಕೊಂಡಿಯನ್ನು ಗಿಡ್ಡ ಮಾಡಿ ಅಂತ ಕೆಲವರು ಸಲಹೆ ಕೊಟ್ಟಿದ್ದಾರೆ. ದಯವಿಟ್ಟು ಬೇಡ. ‘ಟಿ04 ಎಕ್ಸ್ 2’ ಅಂತ ಬರೆದ ಸಂದೇಶವನ್ನು ಮುಂದಿನ ವಾರ ಕಾಪಿ ಮಾಡಿ ತಿದ್ದುವವರು ಯಾರು?

ವಾರಕ್ಕೊಮ್ಮೆ ಹತ್ತು ಹನ್ನೆರಡು ಬಗೆ ತರಿಸುವ, ಒಂದೆರಡು ಗಂಟೆ ಉತ್ತರಕ್ಕೆ ಕಾಯಬಲ್ಲ ಮನೆಗೆ ಇದು ಹೇಳಿಮಾಡಿಸಿದ ಸೈಟು. ಗಳಿಗೆಯಲ್ಲಿ ಬೇಕು, ಇದ್ದದ್ದು ನನಗೇ ಮೀಸಲಾಗಬೇಕು ಅನ್ನುವವರಿಗಲ್ಲ. ಚಾಟ್‌ನಲ್ಲಿ ಕಳಿಸಿದ್ದು ಬೇಡಿಕೆಯಷ್ಟೇ, ದಾಸ್ತಾನಿನಿಂದ ಅದು ತಾನಾಗಿ ಕಳೆಯುವುದಿಲ್ಲ. ಉಳಿದ ಕೊನೆಯ ಎರಡು ಕೆಜಿಗೆ ಇಬ್ಬರು ಒಟ್ಟಿಗೆ ಕಳಿಸಿದರೆ ಸಂದೇಶ ಮೊದಲು ತಲುಪಿದವರಿಗೆ ಸಿಗುತ್ತದೆ. ಇನ್ನೊಬ್ಬರಿಗೆ ‘ಖಾಲಿ, ಬದಲಿಗೆ ಏನು ಹಾಕಲಿ?’ ಅನ್ನುವ ಉತ್ತರ ಬರುತ್ತದೆ, ಮನುಷ್ಯರೇ ಬರೆದ ಉತ್ತರ. ಆ `encodeURIComponent` ಸೇರಿದ ದಿನ ಐದನೆಯ ನಕ್ಷತ್ರವನ್ನೂ ಇಲ್ಲೇ ಸೇರಿಸಲಾಗುವುದು.