ಒಂದೇ ದಿನ, ನಾಲ್ಕು ಅಂಗಡಿ, ಎರಡು ಪವನಿನ ಒಂದು ಸರ

ತಂಗಿಯ ಮಗಳ ಮದುವೆಗೆ ಎರಡು ಪವನಿನ ಸರ ಕೊಡುವುದೆಂದು ಮಾತಾಗಿತ್ತು. ನಮ್ಮ ಪುತ್ತೂರಿನ ಕಡೆ ಪವನು ಅಂದರೆ 8 ಗ್ರಾಂ, ಅಂದರೆ ಒಟ್ಟು 16 ಗ್ರಾಂ. ಅದು 2025ರ ಮೇ ತಿಂಗಳು, 22 ಕ್ಯಾರೆಟ್ ಚಿನ್ನ ಗ್ರಾಮಿಗೆ ಒಂಬತ್ತು ಸಾವಿರದ ಆಸುಪಾಸು ಇತ್ತು. ಎಲ್ಲಿ ತೆಗೆದುಕೊಳ್ಳೋಣ ಅಂತ ಮನೆಯಲ್ಲಿ ಕೇಳಿದ್ದೇ ತಪ್ಪಾಯಿತು. ಮಂಗಳೂರಿನಲ್ಲಿ ಜಾಸ್ತಿ ಅಂತ ಅತ್ತೆ, ಕಾಸರಗೋಡಿನಲ್ಲಿ ಕಮ್ಮಿಯಂತೆ ಅಂತ ತಂಗಿ, ಬೆಂಗಳೂರಿನಲ್ಲಿ ಇನ್ನೂ ಕಮ್ಮಿ ಅಂತ ಅಲ್ಲೇ ಇರುವ ನಾದಿನಿ. ಸರಿ, ನಾನೇ ನೋಡಿಬಿಡುತ್ತೇನೆ ಅಂತ ಹೊರಟೆ.

ಮೊದಲನೇ ಸಲ ಪೂರ್ತಿ ಎಡವಿದೆ. ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮಂಗಳೂರಿನ ಒಂದು ದೊಡ್ಡ ಶೋರೂಮಿಗೆ ಹೋದೆ. ದರ 8,905. ಅಲ್ಲಿಂದ ರೈಲು ಹತ್ತಿ ಕಾಸರಗೋಡು, ನೆಂಟರ ಮನೆಯಲ್ಲಿ ಊಟ, ಆಮೇಲೆ ಮೂರೂವರೆಗೆ ಅಲ್ಲಿನ ಅಂಗಡಿ. ದರ 8,955! ಗ್ರಾಮಿಗೆ ಐವತ್ತು ರೂಪಾಯಿ ಜಾಸ್ತಿ. ತಂಗಿಗೆ ಫೋನು ಮಾಡಿ ನಿನ್ನ ಕಾಸರಗೋಡು ಇಷ್ಟೇ ಅಂತ ಹೇಳಿಯೂ ಆಯಿತು. ಅಷ್ಟರಲ್ಲಿ ಕೌಂಟರಿನ ಹುಡುಗ, "ಬೆಳಿಗ್ಗೆ ಇಲ್ಲಿಯೂ 8,905 ಇತ್ತು ಮೇಡಂ, ಮಧ್ಯಾಹ್ನ ಏರಿತು" ಅಂದ. ಮಂಗಳೂರಿಗೆ ಫೋನು ಹಚ್ಚಿದರೆ ಅಲ್ಲಿಯೂ ಈಗ 8,955. ನಾನು ಹೋಲಿಸಿದ್ದು ಎರಡು ಊರನ್ನಲ್ಲ, ಎರಡು ಹೊತ್ತನ್ನು.

ಚಿನ್ನದ ದರವನ್ನು ಸರ್ಕಾರ ನಿಗದಿ ಮಾಡುವುದಿಲ್ಲ. ಲಂಡನ್ ಮಾರುಕಟ್ಟೆಯಲ್ಲಿ ಒಂದು ಔನ್ಸಿಗೆ, ಅಂದರೆ 31.1 ಗ್ರಾಮಿಗೆ, ಡಾಲರಿನಲ್ಲಿ ಬೆಲೆ ಓಡುತ್ತಿರುತ್ತದೆ. ಅದನ್ನು ರೂಪಾಯಿಗೆ ತಿರುಗಿಸಿ, ಆಮದು ಸುಂಕ ಸೇರಿಸಿದರೆ ನಮ್ಮ ದೇಶದ ಮೂಲ ಬೆಲೆ ಸಿಗುತ್ತದೆ. ಸುಂಕ ಶೇ 15 ಇದ್ದದ್ದು 2024ರ ಜುಲೈ ಬಜೆಟ್ಟಿನಲ್ಲಿ ಶೇ 6ಕ್ಕೆ ಇಳಿದಿತ್ತು. ಇಲ್ಲಿಯವರೆಗೆ ಎಲ್ಲ ಊರಿಗೂ ಒಂದೇ ಲೆಕ್ಕ. ಜಿಎಸ್‌ಟಿ ಕೂಡ ಕರ್ನಾಟಕದಲ್ಲೂ ಕೇರಳದಲ್ಲೂ ಅದೇ ಶೇ 3. ಹಾಗಾಗಿ ಗಡಿ ದಾಟಿದರೆ ತೆರಿಗೆ ಉಳಿಯುತ್ತದೆ ಅನ್ನುವುದು ಹಳೇ ಕಾಲದ ಮಾತು.

ಊರೂರಿನ ವ್ಯತ್ಯಾಸ ಶುರುವಾಗುವುದು ಇದರ ನಂತರ. ಕೇರಳದಲ್ಲಿ ವ್ಯಾಪಾರಿಗಳ ಸಂಘ ಬೆಳಿಗ್ಗೆ ದರ ಹೇಳುತ್ತದೆ, ಹೆಚ್ಚಿನ ಅಂಗಡಿಗಳು ಅದನ್ನೇ ಬೋರ್ಡಿಗೆ ಹಾಕುತ್ತವೆ. ಲಂಡನ್ನಿನಲ್ಲೋ ಡಾಲರಿನಲ್ಲೋ ಜಾಸ್ತಿ ಏರಿಳಿತ ಆದರೆ ಮಧ್ಯಾಹ್ನ ಇನ್ನೊಮ್ಮೆ ಬದಲಾಗುತ್ತದೆ. ಮುಂಬೈಯಲ್ಲಿ ಚಿನಿವಾರರ ಸಂಘವೊಂದು ದಿನಕ್ಕೆ ಎರಡು ಸಲ ದರ ಪ್ರಕಟಿಸುತ್ತದೆ, ಆದರೆ ಅದರಲ್ಲಿ ಜಿಎಸ್‌ಟಿ ಇರುವುದಿಲ್ಲ. ಮೊಬೈಲಿನಲ್ಲಿ ಆ ದರ ನೋಡಿಕೊಂಡು ಅಂಗಡಿಗೆ ಹೋಗಿ ಜಗಳ ಮಾಡುವವರನ್ನು ನಾನು ಕಂಡಿದ್ದೇನೆ. ಅದರ ಮೇಲೆ, ಆಯಾ ಊರಿನ ಸಗಟು ವ್ಯಾಪಾರಿಗೆ ಚಿನ್ನದ ಗಟ್ಟಿ ಎಷ್ಟಕ್ಕೆ ಸಿಕ್ಕಿತು ಅನ್ನುವುದೂ ಸೇರುತ್ತದೆ. ಮದುವೆ ಸೀಸನ್ನಿನಲ್ಲಿ ಬೇಡಿಕೆ ಇದ್ದರೆ ಅವನು ಮೂಲ ಬೆಲೆಯ ಮೇಲೆ ಸ್ವಲ್ಪ ಹಾಕುತ್ತಾನೆ. ಬೆಲೆ ಏರಿ ಗಿರಾಕಿ ಇಲ್ಲದಿದ್ದರೆ ಸ್ವಲ್ಪ ಬಿಡುತ್ತಾನೆ. ಸಾಗಣೆ, ವಿಮೆ ಅಂತ ಚೂರುಪಾರು ಖರ್ಚು ಬೇರೆ.

ಎರಡನೇ ಸಲ ಬುದ್ಧಿ ಉಪಯೋಗಿಸಿದೆ. ಅದೇ ವಾರದ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ ಪುತ್ತೂರಿನ ಆಚಾರ್ರ ಸಣ್ಣ ಅಂಗಡಿಯಲ್ಲಿ ಕೂತೆ. ಅಲ್ಲಿಂದಲೇ ಮಂಗಳೂರಿಗೂ ಕಾಸರಗೋಡಿಗೂ ಫೋನು. ಬೆಂಗಳೂರಿನಲ್ಲಿ ನಾದಿನಿ ಅದೇ ಹೊತ್ತಿಗೆ ಅವೆನ್ಯೂ ರಸ್ತೆಯ ಪಕ್ಕದ ರಾಜಾ ಮಾರ್ಕೆಟ್ಟಿನಲ್ಲಿ ನಿಂತಿದ್ದಳು. ಅರ್ಧ ಗಂಟೆಯೊಳಗೆ ನಾಲ್ಕೂ ದರ ಸಿಕ್ಕಿತು. ಮಂಗಳೂರು 8,990, ಕಾಸರಗೋಡು 8,990, ಪುತ್ತೂರು 8,950, ಬೆಂಗಳೂರು 8,920.

ಮಂಗಳೂರು, ಕಾಸರಗೋಡು ಎರಡೂ ಒಂದೇ ಆದದ್ದಕ್ಕೆ ಆಶ್ಚರ್ಯವಿಲ್ಲ. ಮಂಗಳೂರಿನ ಶೋರೂಮು ಕೇರಳ ಮೂಲದ್ದು, ಊರು ಬೇರೆಯಾದರೂ ಬೋರ್ಡು ಒಂದೇ. ಬೆಂಗಳೂರಿನದೂ ಅರ್ಥವಾಗುತ್ತದೆ. ಆ ಮಾರ್ಕೆಟ್ಟಿನಲ್ಲಿ ಸಗಟಿನವರೂ ಚಿಲ್ಲರೆಯವರೂ ಗೋಡೆಗೆ ಗೋಡೆ ಅಂಟಿಕೊಂಡು ಕೂತಿದ್ದಾರೆ. ನನಗೆ ಅರ್ಥವಾಗದೇ ಉಳಿದದ್ದು ಮಂಗಳೂರಿಗೂ ಪುತ್ತೂರಿಗೂ ಇರುವ ನಲವತ್ತು ರೂಪಾಯಿ. ಐವತ್ತು ಕಿಲೋಮೀಟರಿಗೆ ಅಷ್ಟೊಂದು ಯಾಕೆ? ಅದೂ ಸಣ್ಣ ಊರಿನಲ್ಲಿ ಕಮ್ಮಿ!

ಆಚಾರ್ರು ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದರು. "ನೋಡಿ ಅಕ್ಕ, ಇವತ್ತು 24 ಕ್ಯಾರೆಟ್ 9,770. ನಾನು 916ರಿಂದ ಗುಣಿಸುತ್ತೇನೆ, 8,949 ಬರುತ್ತದೆ. ಅದನ್ನು 8,950 ಮಾಡುತ್ತೇನೆ. ಕೆಲವರು 92 ಟಂಚ್ ಅಂತ ಹಿಡಿಯುತ್ತಾರೆ. ಆಗ ಎಷ್ಟು?" ನಾನೇ ಒತ್ತಿದೆ. 8,988. ಶೋರೂಮಿನ ಬೋರ್ಡಿಗೆ ಎರಡೇ ರೂಪಾಯಿ ಕಮ್ಮಿ. ಒಡವೆಯ ಮೇಲೆ ಮುದ್ರೆ ಇಬ್ಬರದೂ 22K916 ಅಂತಲೇ ಇರುತ್ತದೆ. ಸಿಗುವ ಚಿನ್ನ ನೂರಕ್ಕೆ 91.6, ದರ ಕಟ್ಟಿದ್ದು ಮಾತ್ರ 92ಕ್ಕೆ. ಕರಗಿಸುವಾಗ ಆಗುವ ನಷ್ಟ ಅದರಲ್ಲಿ ಸೇರಿದೆ ಅಂತ ಹಾಗೆ ಹಿಡಿಯುವವರ ವಾದ. ಹಾಗಾದರೆ ವೇಸ್ಟೇಜ್ ಅಂತ ಬೇರೆ ಯಾಕೆ ತೆಗೆದುಕೊಳ್ಳುತ್ತೀರಿ ಅಂತ ನನ್ನ ವಾದ. ಶೋರೂಮಿನವರನ್ನು ಕೇಳಿದ್ದಕ್ಕೆ, "ರೇಟ್ ಹೆಡ್ ಆಫೀಸಿಂದ ಬರುತ್ತೆ ಮೇಡಂ" ಅಂದರು, ಅಷ್ಟೇ.

ಇದನ್ನು ತಿಳಿಯುವುದು ಕಷ್ಟವಲ್ಲ. ಅಂಗಡಿಯಲ್ಲಿ 24ರ ದರವನ್ನೂ 22ರ ದರವನ್ನೂ ಒಟ್ಟಿಗೆ ಕೇಳಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಾಕು. 0.916 ಬಂದರೆ ಮುದ್ರೆಯಲ್ಲಿ ಇರುವಷ್ಟೇ. 24 ಭಾಗದಲ್ಲಿ 22 ಅಂತ ಲೆಕ್ಕ ಹಾಕುವವರದು 0.917ರ ಹತ್ತಿರ ಬರುತ್ತದೆ, ಅದೂ ಸರಿಯೇ. 0.92 ಅಥವಾ ಅದಕ್ಕಿಂತ ಮೇಲೆ ಹೋದರೆ ಯಾಕೆ ಅಂತ ಕೇಳಬೇಕು.

ಇಷ್ಟೆಲ್ಲ ತಲೆ ಕೆಡಿಸಿಕೊಂಡ ನಲವತ್ತು ರೂಪಾಯಿ 16 ಗ್ರಾಮಿಗೆ ಎಷ್ಟಾಯಿತು? 640 ರೂಪಾಯಿ. ಆಮೇಲೆ ಪೂರ್ತಿ ಬಿಲ್ಲು ಹಾಕಿಸಿದಾಗ ಬೇರೆಯೇ ಕಥೆ.

ಮಂಗಳೂರಿನವರದು ವಿಎ ಶೇ 12. ವೇಸ್ಟೇಜನ್ನೂ ಮಜೂರಿಯನ್ನೂ ಸೇರಿಸಿ ಈಗ ಹಾಗೆ ಕರೆಯುತ್ತಾರೆ. ಚಿನ್ನ 1,43,840, ವಿಎ 17,261, ಜಿಎಸ್‌ಟಿ ಸೇರಿ ಒಟ್ಟು 1,65,934. ಕಾಸರಗೋಡಿನಲ್ಲಿ ದರ ಅದೇ, ವಿಎ ಶೇ 9, ಒಟ್ಟು 1,61,489. ಪುತ್ತೂರಿನ ಆಚಾರ್ರದು ಶೇ 7, ಒಟ್ಟು 1,57,821. ಬೆಂಗಳೂರಿನವರದು ಪರ್ಸೆಂಟ್ ಲೆಕ್ಕವೇ ಇಲ್ಲ, ಗ್ರಾಮಿಗೆ 450 ರೂಪಾಯಿ ಮಜೂರಿ. ಒಟ್ಟು 1,54,418.

ಮಂಗಳೂರಿಗೂ ಪುತ್ತೂರಿಗೂ ಎಂಟು ಸಾವಿರದ ನೂರ ಹದಿಮೂರು ರೂಪಾಯಿ ಅಂತರ. ಅದರಲ್ಲಿ ಚಿನ್ನದ ದರದಿಂದ ಬಂದದ್ದು ಬರೀ 640. ಮಿಕ್ಕಿದ್ದೆಲ್ಲ ವಿಎ ಮತ್ತು ಜಿಎಸ್‌ಟಿ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುವುದು ದರವನ್ನು, ವಿಎ ಕೇಳಿದರೆ ಮಾತ್ರ ಹೇಳುತ್ತಾರೆ. ದರ ಇಪ್ಪತ್ತು ರೂಪಾಯಿ ಇಳಿಸಿ ಜನ ಸೇರಿಸಿ, ವಿಎ ಎರಡು ಪರ್ಸೆಂಟ್ ಏರಿಸಿದರೆ ಅಂಗಡಿಗೆ ಗ್ರಾಮಿಗೆ ನೂರೈವತ್ತಕ್ಕಿಂತ ಜಾಸ್ತಿ ಉಳಿಯುತ್ತದೆ.

ಬೆಂಗಳೂರಿನ ಗ್ರಾಮಿನ ಲೆಕ್ಕ ನನಗೆ ಇಷ್ಟವಾಯಿತು. ಸರ ಮಾಡುವ ಕೆಲಸ ಚಿನ್ನದ ಬೆಲೆ ಏರಿತು ಅಂತ ಜಾಸ್ತಿಯಾಗುವುದಿಲ್ಲ ಅಲ್ವಾ? ಗ್ರಾಮಿಗೆ 5,000 ಇದ್ದಾಗ ಶೇ 12 ಅಂದರೆ 600 ರೂಪಾಯಿ. ಅವತ್ತಿನ 8,990ಕ್ಕೆ ಅದೇ ಶೇ 12, ಅದೇ ಸರ, 1,079 ರೂಪಾಯಿ. ಪರ್ಸೆಂಟ್ ಬದಲಾಗದಿರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಚೌಕಾಸಿಯನ್ನೂ ಮಾಡಿ ನೋಡಿದೆ. ಮಂಗಳೂರಿಗೆ ಮತ್ತೆ ಫೋನು ಮಾಡಿ ದರದಲ್ಲಿ ಹತ್ತು ರೂಪಾಯಿ ಬಿಡಿ ಅಂದೆ. ಒಂದು ರೂಪಾಯಿಯೂ ಆಗುವುದಿಲ್ಲ, ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಅಂದರು. ವಿಎ ಕಮ್ಮಿ ಮಾಡಿ, ಬೇರೆ ಕಡೆ 7 ಹೇಳಿದ್ದಾರೆ ಅಂದೆ. ಮ್ಯಾನೇಜರ್ ಬಂದರು, ಎರಡು ನಿಮಿಷದಲ್ಲಿ 12 ಇದ್ದದ್ದು 9ಕ್ಕೆ ಇಳಿಯಿತು. ಅಂದರೆ ಸರಿಯಾಗಿ ಕಾಸರಗೋಡಿನ ಬಿಲ್ಲಿಗೇ ಬಂದು ನಿಂತಿತು. ಆಚಾರ್ರು ಮಾತ್ರ ಏಳರಿಂದ ಕದಲಲಿಲ್ಲ. ಮೊದಲೇ ಏರಿಸಿ ಹೇಳಿದ್ದರೆ ಇಳಿಸಬಹುದಿತ್ತು ಅಕ್ಕ ಅಂತ ನಕ್ಕರು.

ಕೊನೆಗೆ ತೆಗೆದುಕೊಂಡದ್ದು ಪುತ್ತೂರಿನಲ್ಲೇ. ಬೆಂಗಳೂರು 3,403 ರೂಪಾಯಿ ಕಮ್ಮಿ ನಿಜ. ಆದರೆ ಅಲ್ಲಿನದು ಮೆಷಿನ್ ಚೈನು, ನನಗೆ ಬೇಕಾದದ್ದು ಕೈಕೆಲಸದ ಸರ. ಕೊಂಡಿ ಬಿಟ್ಟುಕೊಂಡರೆ ಕೂರಿಸಿ ಕೊಡುವವರು ಹತ್ತಿರ ಇದ್ದರೆ ಒಳ್ಳೆಯದು. ಮಾರುವಾಗ ಏನು ಅಂತಲೂ ಕೇಳಿದ್ದೆ. ಅವತ್ತಿನ ದರದಲ್ಲಿ ಶೇ 2 ಕಡಿದು ನಗದು ಕೊಡುತ್ತಾರಂತೆ. ಮಜೂರಿ, ಜಿಎಸ್‌ಟಿ ಯಾವ ಅಂಗಡಿಯಲ್ಲೂ ವಾಪಸು ಬರುವುದಿಲ್ಲ, ಹಾಗಾಗಿ ಕೊಳ್ಳುವಾಗ ಅವು ಕಮ್ಮಿ ಇದ್ದಷ್ಟೂ ನಷ್ಟ ಕಮ್ಮಿ.

ದುಡ್ಡು ಕೊಡುವ ಮೊದಲು ಕೊಕ್ಕೆಯ ಹತ್ತಿರ ಇದ್ದ ಆರು ಅಕ್ಷರದ ಹಾಲ್‌ಮಾರ್ಕ್ ಗುರುತು ಎಚ್‌ಯುಐಡಿಯನ್ನು ಭೂತಗನ್ನಡಿಯಲ್ಲಿ ಓದಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದೆ. ಸರ ಅಂತಲೂ 916 ಅಂತಲೂ ತೋರಿಸಿತು. ಆಮೇಲೆ ತಕ್ಕಡಿಗೆ ಇಟ್ಟರು. 16.040. "ನಲವತ್ತು ಮಿಲಿ ಜಾಸ್ತಿ ಇದೆ ಅಕ್ಕ, ಇದೇ ಇರಲಾ?" ಲೆಕ್ಕ ಹಾಕಿದೆ. ವಿಎ, ಜಿಎಸ್‌ಟಿ ಎಲ್ಲ ಸೇರಿ 395 ರೂಪಾಯಿ. ಎರಡು ದಿನ ರೈಲು, ಫೋನು ಅಂತ ಓಡಾಡಿ ದರದಲ್ಲಿ ಉಳಿಸಿದ್ದು 640. ಇರಲಿ ಆಚಾರ್ರೇ, ಬಿಲ್ಲು ಬರೆಯಿರಿ ಅಂದೆ.